ಹೊಸ ಆವೃತ್ತಿಯ ಮೇಲ್: ನಾಳೆ ಕೌಂಟರ್‌ನಲ್ಲಿ ಏನು ಬದಲಾಗುತ್ತದೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಸಣ್ಣ ಕಂಪನಿ. ಕಿರಾಣಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮುಂದಿನ ತಿಂಗಳು 5.0 ಬರುತ್ತಿದೆ. ಈಗ 4 ಬಳಸುತ್ತಿರುವವರಿಗೆ ಕಳಿಸಲು ಹೀಗೆ ಬರೆದೆ: “ಸಂತಸದ ಸುದ್ದಿ! ಬಹುನಿರೀಕ್ಷಿತ 5.0 ಇದೀಗ ನಿಮ್ಮ ಮುಂದೆ. ಹೊಸ ಡೇಟಾ ಎಂಜಿನ್, ಆಧುನಿಕ ಬಿಲ್ಲಿಂಗ್ ಸ್ಕ್ರೀನ್, ಎಚ್‌ಎಸ್‌ಎನ್ ರಿಪೋರ್ಟ್, ಡಾರ್ಕ್ ಮೋಡ್. ವಿಂಡೋಸ್ 10 ಮತ್ತು 11ಕ್ಕೆ ಹೇಳಿ ಮಾಡಿಸಿದ್ದು. ವ್ಯಾಪಾರದ ಹೊಸ ಅನುಭವಕ್ಕೆ ಈಗಲೇ ಅಪ್‌ಗ್ರೇಡ್ ಆಗಿ!” ಮೊದಲು ಪರಿಚಯದ ಕೆಲವು ಅಂಗಡಿಯವರಿಗೆ ಕಳಿಸಿ ನೋಡಿದೆ. ಒಬ್ಬರು “ಮತ್ತ ರೊಕ್ಕ ಕಟ್ಟಬೇಕೇನ್ರಿ?” ಅಂದರು. ಇನ್ನೊಬ್ಬರು “ನನ್ನ ಉದ್ರಿ ಲೆಕ್ಕ ಎಲ್ಲಾ ಹೋಗ್ತದೇನು?” ಅಂದರು. ಉಳಿದವರು ಏನೂ ಹೇಳಲಿಲ್ಲ. ಹೇಗೆ ತಿದ್ದಲಿ?

ಉತ್ತರ: ಆ ಇಬ್ಬರು ನಿಮಗೆ ಅರ್ಧ ಮೇಲ್ ಬರೆದುಕೊಟ್ಟಿದ್ದಾರೆ. ಅವರು ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರ ಮೇಲ್‌ನ ಮೊದಲ ನಾಲ್ಕು ಸಾಲಿನಲ್ಲೇ ಬರಬೇಕು. ಉಳಿದದ್ದೆಲ್ಲ ಆಮೇಲೆ.

ನೀವು ಬರೆದಿರುವುದು ಇನ್ನೂ ಕೊಳ್ಳದವರಿಗೆ ಸರಿಹೋಗುವ ಮೇಲ್. ಹೊಸಬರು ನಿಮ್ಮ ಸಾಫ್ಟ್‌ವೇರನ್ನು ಬೇರೆ ಸಾಫ್ಟ್‌ವೇರ್ ಜೊತೆ ಹೋಲಿಸುತ್ತಾರೆ. ಹಳೇ ಗ್ರಾಹಕರು ಹೋಲಿಸುವುದು ತಮ್ಮ ನಿನ್ನೆಯ ಜೊತೆ. ಅವರ ವರ್ಷಗಳ ಬಿಲ್ ನಿಮ್ಮ ಹತ್ತಿರ ಇದೆ. ಕೌಂಟರ್‌ನಲ್ಲಿ ಕೂರುವ ಹುಡುಗನ ಬೆರಳಿಗೆ ಕೀಗಳು ರೂಢಿಯಾಗಿವೆ. ಪ್ರಿಂಟರ್ ಹೇಗೋ ಒಂದು ಸೆಟ್ಟಿಂಗ್‌ನಲ್ಲಿ ಸರಿಯಾಗಿ ನಡೆಯುತ್ತಿದೆ, ಅದನ್ನು ಯಾರೂ ಮುಟ್ಟಬಾರದು. ಅಂಥವರಿಗೆ “ಹೊಸ ಎಂಜಿನ್, ಆಧುನಿಕ ಸ್ಕ್ರೀನ್” ಅಂದರೆ ಕೇಳಿಸುವುದು “ಏನೋ ಕೆಡುತ್ತದೆ, ಮತ್ತೆ ಕಲಿಯಬೇಕು” ಅಂತ. ಸುಮ್ಮನಿದ್ದವರು ಒಪ್ಪಿಕೊಂಡರು ಅಂತ ತಿಳಿಯಬೇಡಿ. ಮೇಲ್ ಪಕ್ಕಕ್ಕಿಟ್ಟಿದ್ದಾರೆ, ಅಷ್ಟೇ.

ಹಾಗಾಗಿ ಪದ ತಿದ್ದುವುದನ್ನು ಸ್ವಲ್ಪ ತಡೆಯಿರಿ. ಮೊದಲು ನಿಮ್ಮ ಡೆವಲಪರ್ ಜೊತೆ ಒಂದು ಗಂಟೆ ಕೂರಬೇಕು. ಮೇಲ್‌ನಲ್ಲಿರುವ ಒಂದೊಂದು ಅಂಶವನ್ನೂ ಎರಡು ವಾಕ್ಯ ಮಾಡಿ: ಒಂದು “ನಿನ್ನೆ ಅಂಗಡಿಯವರು ಹೀಗೆ ಮಾಡುತ್ತಿದ್ದರು”, ಇನ್ನೊಂದು “ನಾಳೆ ಹೀಗೆ ಮಾಡುತ್ತಾರೆ”. ಎರಡೂ ವಾಕ್ಯ ಒಂದೇ ಥರ ಬಂದರೆ ಆ ಅಂಶಕ್ಕೆ ಈ ಮೇಲ್‌ನಲ್ಲಿ ಜಾಗ ಇಲ್ಲ. ಡಾರ್ಕ್ ಮೋಡ್ ಅಲ್ಲೇ ಬಿದ್ದುಹೋಗುತ್ತದೆ. ಟ್ಯೂಬ್‌ಲೈಟ್ ಬೆಳಕಿನ ಅಂಗಡಿಯಲ್ಲಿ ಯಾರೂ ಅದನ್ನು ಕೇಳಿರಲಿಕ್ಕಿಲ್ಲ. ನಿಮ್ಮ ಹುಡುಗರು ಕಷ್ಟಪಟ್ಟು ಮಾಡಿದ್ದಾರೆ ಅಂತ ಬೇಜಾರಾದರೆ “5.0ರಲ್ಲಿ ಇರುವ ಎಲ್ಲ ಬದಲಾವಣೆ” ಅಂತ ಒಂದು ಲಿಂಕ್ ಕೊಟ್ಟು ಅಲ್ಲಿ ಹಾಕಿ.

“ಹೊಸ ಡೇಟಾ ಎಂಜಿನ್” ವಿಷಯಕ್ಕೆ ಬನ್ನಿ. ನಿಮ್ಮ ಪಟ್ಟಿಯಲ್ಲಿ ಜಾಸ್ತಿ ಅಪಾಯ ಇರುವುದು ಇಲ್ಲೇ, ಆದರೆ ಅದನ್ನು ಜಾಹೀರಾತಿನ ಮಾತಿನ ಕೆಳಗೆ ಮುಚ್ಚಿಬಿಟ್ಟಿದ್ದೀರಿ. ಡೇಟಾ ಫೈಲ್‌ನ ಸ್ವರೂಪ ಬದಲಾದರೆ 5.0 ಮೊದಲ ಸಲ ತೆರೆದಾಗ ಹಳೇ ಡೇಟಾವನ್ನೆಲ್ಲ ಹೊಸ ಸ್ವರೂಪಕ್ಕೆ ಬದಲಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಇದು ಒಂದೇ ದಿಕ್ಕಿನ ದಾರಿ. ಆಮೇಲೆ 4ರಲ್ಲಿ ಆ ಫೈಲ್ ತೆರೆಯಲು ಬರುವುದಿಲ್ಲ. ಡೆವಲಪರ್‌ಗೆ ಇದು ಎಷ್ಟು ಸಹಜ ಅಂದರೆ ಅವರು ಬಾಯಿಬಿಟ್ಟು ಹೇಳುವುದೇ ಇಲ್ಲ. ನೀವೇ ಕೇಳಬೇಕು. ವಾಪಸ್ ಹೋಗಬಹುದಾ? ಹೋದರೆ 5ರಲ್ಲಿ ಹಾಕಿದ ಬಿಲ್‌ಗಳ ಗತಿ ಏನು? ಬದಲಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ನಡುವೆ ಕರೆಂಟ್ ಹೋದರೆ ಏನಾಗುತ್ತದೆ? ಎರಡು ಮೂರು ಕೌಂಟರ್ ಇರುವ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಮಾತ್ರ 5ಕ್ಕೆ ಹೋಗಿ ಉಳಿದವು 4ರಲ್ಲೇ ಇದ್ದರೆ ಬಿಲ್ ಹಾಕಲು ಆಗುತ್ತದಾ?

“ಎಷ್ಟು ಹೊತ್ತು” ಎನ್ನುವುದಕ್ಕೆ ಡೆವಲಪರ್ ತಮ್ಮ ಕಂಪ್ಯೂಟರ್ ನೋಡಿ “ಎರಡು ನಿಮಿಷ” ಅನ್ನುತ್ತಾರೆ. ನಂಬಬೇಡಿ. ಅವರ ಮಷೀನ್‌ನಲ್ಲಿರುವುದು ನೂರಿನ್ನೂರು ಪರೀಕ್ಷಾ ಬಿಲ್. ನಿಮ್ಮ ಅತಿ ದೊಡ್ಡ ಗ್ರಾಹಕರ ಒಪ್ಪಿಗೆ ತೆಗೆದುಕೊಂಡು ಅವರ ಡೇಟಾದ ಪ್ರತಿಯನ್ನು, ಅಂಗಡಿಗಳಲ್ಲಿ ಇರುವಂಥ ಹಳೇ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ. ಅಲ್ಲಿ ಬಂದ ಸಮಯವನ್ನು ಮೇಲ್‌ನಲ್ಲಿ ಬರೆಯಿರಿ.

ಇದೇ ಕೂಟದಲ್ಲಿ ಕೇಳಲೇಬೇಕಾದ ಇನ್ನೂ ಎರಡು ಪ್ರಶ್ನೆ ಇವೆ. ಬಿಲ್ ನಂಬರ್ ಏನಾಗುತ್ತದೆ? ಜಿಎಸ್‌ಟಿ ನಿಯಮದ ಪ್ರಕಾರ ಟ್ಯಾಕ್ಸ್ ಇನ್‌ವಾಯ್ಸ್ ನಂಬರ್ ಅನುಕ್ರಮವಾಗಿರಬೇಕು, ಒಂದು ಆರ್ಥಿಕ ವರ್ಷದಲ್ಲಿ ಅದೇ ನಂಬರ್ ಎರಡು ಸಲ ಬರಬಾರದು, 16 ಅಕ್ಷರ ದಾಟಬಾರದು. ವರ್ಷದ ನಡುವೆ 5.0 ಹಾಕಿದಾಗ ನಂಬರ್ 1ರಿಂದ ಶುರುವಾದರೆ ಅಂಗಡಿಯವರ ರಿಟರ್ನ್ ಗೋಜಲಾಗುತ್ತದೆ. ಎರಡನೆಯದು, ಹಳೇ ಬಿಲ್ ಮತ್ತೆ ಪ್ರಿಂಟ್ ಹಾಕಿದರೆ ಯಾವ ತೆರಿಗೆ ಬರುತ್ತದೆ? 2025ರ ಸೆಪ್ಟೆಂಬರ್ 22ರಿಂದ ತೆರಿಗೆ ದರಗಳು ಬದಲಾದವಲ್ಲ, 12 ಪರ್ಸೆಂಟ್ ಇದ್ದ ಎಷ್ಟೋ ಸಾಮಾನು 5ಕ್ಕೆ ಇಳಿದವು. ಅದಕ್ಕೆ ಮುಂಚಿನ ಬಿಲ್ಲನ್ನು ಇವತ್ತು ತೆಗೆದರೂ ಆವತ್ತಿನ ದರವೇ ಕಾಣಬೇಕು. ಅಂಗಡಿಯವರ ಲೆಕ್ಕ ನೋಡುವ ಆಡಿಟರ್ ಮೊದಲು ಕೇಳುವುದು ಇಂಥದ್ದನ್ನೇ.

ಈಗ “ಆಧುನಿಕ ಬಿಲ್ಲಿಂಗ್ ಸ್ಕ್ರೀನ್”. ಯಾವ ಕೀ ಬದಲಾಗಿದೆ, ಯಾವ ಡಬ್ಬಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಪಕ್ಕಪಕ್ಕ ಇಟ್ಟು ನೋಡಿ. ಹಳೇ ಕೀ ಈಗ ಏನೂ ಮಾಡದಿದ್ದರೆ ದೊಡ್ಡ ತೊಂದರೆ ಇಲ್ಲ. ಹುಡುಗ ಎರಡು ಸಲ ಒತ್ತಿ, ಬೈದುಕೊಂಡು, ಹೊಸದನ್ನು ಹುಡುಕುತ್ತಾನೆ. ಹಳೇ ಕೀ ಈಗ ಬೇರೆ ಕೆಲಸ ಮಾಡಿದರೆ ಕಷ್ಟ. ಉದಾಹರಣೆಗೆ F8 ಮೊದಲು ಬಿಲ್ ಪ್ರಿಂಟ್ ಮಾಡುತ್ತಿತ್ತು, ಈಗ ಬಿಲ್ಲನ್ನು ಹೋಲ್ಡ್‌ಗೆ ಹಾಕುತ್ತದೆ ಅಂದುಕೊಳ್ಳಿ. ಗಿರಾಕಿ ದುಡ್ಡು ಹಿಡಿದು ನಿಂತಿದ್ದಾರೆ, ಹುಡುಗ F8 ಒತ್ತುತ್ತಾನೆ, ಸ್ಕ್ರೀನ್ ಖಾಲಿಯಾಗುತ್ತದೆ. ಬಿಲ್ ಹೋಯಿತು ಅಂತ ಮತ್ತೆ ಎಲ್ಲ ಸಾಮಾನು ಹೊಡೆಯುತ್ತಾನೆ. ಸಂಜೆ ಹೋಲ್ಡ್ ಪಟ್ಟಿಯಲ್ಲಿ ಇಪ್ಪತ್ತು ಬಿಲ್ ಕೂತಿರುತ್ತವೆ. ಇಂಥದ್ದು ಇದ್ದರೆ ಮೇಲ್‌ನಲ್ಲಿ ಬರೆಯುವುದರ ಜೊತೆಗೆ ಡೆವಲಪರ್‌ಗೂ ಹೇಳಿ: ಮೊದಲ ಒಂದು ತಿಂಗಳು F8 ಒತ್ತಿದಾಗ “ಪ್ರಿಂಟ್ ಈಗ F9” ಅಂತ ಸ್ಕ್ರೀನ್ ಮೇಲೆ ಬರಲಿ. ಎಲ್ಲವನ್ನೂ ಮೇಲ್ ತಲೆಗೆ ಕಟ್ಟಬಾರದು.

“ವಿಂಡೋಸ್ 10 ಮತ್ತು 11ಕ್ಕೆ ಹೇಳಿ ಮಾಡಿಸಿದ್ದು” ಎನ್ನುವ ಸಾಲು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅದರ ನಿಜವಾದ ಅರ್ಥ “ವಿಂಡೋಸ್ 7ರಲ್ಲಿ ಇದು ನಡೆಯುವುದಿಲ್ಲ” ಅಂತ ಅಲ್ವಾ? ಕೆಟ್ಟ ಸುದ್ದಿಗೆ ಹೂವಿನ ಹಾರ ಹಾಕಿದ್ದೀರಿ. ವಿಂಡೋಸ್ 7 ಇಟ್ಟುಕೊಂಡವರು ಇದನ್ನು ಓದಿ, ಅರ್ಥವಾಗದೆ, ರಾತ್ರಿ ಅಪ್‌ಗ್ರೇಡ್ ಮಾಡಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ನೇರವಾಗಿ ಹೇಳಿ.

ಈ ಕೆಲಸ ಮುಗಿದಾಗ ನಿಮ್ಮ ಕೈಯಲ್ಲಿ ಮೂರು ಗುಂಪು ಉಳಿಯುತ್ತವೆ: ಹಾಗೇ ಇರುವುದು, ಬೇರೆ ಥರ ಕಾಣುವುದು, ಅವರು ಮಾಡಬೇಕಾದ್ದು. ಮೇಲ್ ಇದೇ ಸಾಲಿನಲ್ಲಿ ಹೋಗಲಿ. ಬರೆಯುವವರು “ಹಾಗೇ ಇರುವುದು” ಎನ್ನುವ ಗುಂಪನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ, ಬದಲಾಗದ್ದನ್ನು ಬರೆಯುವುದು ಯಾಕೆ ಅಂತ. ಹಳೇ ಗ್ರಾಹಕರ ಮಟ್ಟಿಗೆ ಅದೇ ದೊಡ್ಡ ಸುದ್ದಿ. ಉದ್ರಿ ಬಾಕಿ ಉಳಿಯುತ್ತದೆ ಎಂದು ಖಾತ್ರಿಯಾಗುವ ತನಕ ಅವರ ಕಣ್ಣು ಮುಂದಿನ ಸಾಲಿಗೆ ಹೋಗುವುದಿಲ್ಲ.

ಕೆಳಗಿರುವುದು ನಾನು ತಿದ್ದಿ ಬರೆದದ್ದು. ಒಂದೇ ಕೌಂಟರ್, ವಿಂಡೋಸ್ 10 ಅಥವಾ 11, ಎಎಂಸಿ ಚಾಲ್ತಿಯಲ್ಲಿರುವ, ಪ್ರತಿ ತಿಂಗಳು ರಿಟರ್ನ್ ಹಾಕುವ ಅಂಗಡಿಗೆ. ಕೀ, ಬಟನ್, ಸಮಯ, ತಾರೀಕು ಎಲ್ಲ ನಾನು ಅಂದಾಜಿಗೆ ಹಾಕಿದ್ದೇನೆ. ನಿಮ್ಮಲ್ಲಿ ಇರುವುದನ್ನು ತುಂಬಿಕೊಳ್ಳಿ.

> ವಿಷಯ: ಬಿಲ್ಲಿಂಗ್ 5.0: ಲೆಕ್ಕ ಹಾಗೇ, ಪ್ರಿಂಟ್ ಕೀ ಬದಲು
>
> ವಿಷಯದ ಪಕ್ಕ ಕಾಣುವ ಸಾಲು: ಬೇರೆ ದುಡ್ಡಿಲ್ಲ. ಅಂಗಡಿ ಮುಚ್ಚಿದ ಮೇಲೆ ಅರ್ಧ ಗಂಟೆ ಬೇಕು.
>
> ನಮಸ್ಕಾರ,
>
> ನೀವು ಬಳಸುತ್ತಿರುವ ಬಿಲ್ಲಿಂಗ್ ಸಾಫ್ಟ್‌ವೇರ್‌ನ 5.0 ಸಿದ್ಧವಾಗಿದೆ. ನಿಮ್ಮ ಎಎಂಸಿ ಚಾಲ್ತಿಯಲ್ಲಿದೆ, ಇದಕ್ಕೆ ಬೇರೆ ದುಡ್ಡು ಕಟ್ಟಬೇಕಿಲ್ಲ.
>
> ಹಾಗೇ ಇರುವುದು: ಹಳೇ ಬಿಲ್‌ಗಳು, ಉದ್ರಿ ಬಾಕಿ, ಸ್ಟಾಕ್, ಸಾಮಾನಿನ ರೇಟು ಎಲ್ಲವೂ 5.0ಕ್ಕೆ ಬರುತ್ತವೆ. ಬಿಲ್ ನಂಬರ್ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹಳೇ ಬಿಲ್ ಮತ್ತೆ ಪ್ರಿಂಟ್ ಹಾಕಿದರೆ ಆಗಿನ ರೇಟು, ಆಗಿನ ತೆರಿಗೆಯೇ ಬರುತ್ತದೆ. ಪ್ರಿಂಟರ್ ಸೆಟ್ಟಿಂಗ್ ಮುಟ್ಟಬೇಕಿಲ್ಲ.
>
> ಕೌಂಟರ್‌ನಲ್ಲಿ ಬದಲಾಗುವುದು: ಬಿಲ್ ಪ್ರಿಂಟ್ ಮಾಡಲು ಇನ್ನು F8 ಬದಲು F9 ಒತ್ತಿ. ಮರೆತು F8 ಒತ್ತಿದರೆ ಬಿಲ್ ಅಳಿಸುವುದಿಲ್ಲ, Hold List ನಲ್ಲಿ ಇರುತ್ತದೆ. ಪಾರ್ಟಿ ಹೆಸರು ಹಾಕುವ ಜಾಗ ಕೆಳಗಿತ್ತು, ಈಗ ಮೇಲೆ ಎಡಗಡೆ ಇದೆ.
>
> ತಿಂಗಳ ರಿಟರ್ನ್‌ಗೆ: ಜಿಎಸ್‌ಟಿಆರ್-1ರ 12ನೇ ಟೇಬಲ್‌ಗೆ ಬೇಕಾದ ಎಚ್‌ಎಸ್‌ಎನ್ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಕೂಡಿಸಬೇಕಿಲ್ಲ. ನೋಂದಣಿ ಇರುವವರಿಗೆ ಮಾರಿದ್ದು, ಇಲ್ಲದವರಿಗೆ ಮಾರಿದ್ದು ಬೇರೆಬೇರೆಯಾಗಿ Reports ನಲ್ಲಿ ಸಿಗುತ್ತದೆ.
>
> ಅಪ್‌ಗ್ರೇಡ್ ಮಾಡುವುದು ಹೀಗೆ: ಅಂಗಡಿ ಮುಚ್ಚಿದ ಮೇಲೆ ಮಾಡಿ. ಮೊದಲು ಪೆನ್‌ಡ್ರೈವ್ ಹಾಕಿ Backup Now ಒತ್ತಿ. ಆಮೇಲೆ Help ಒಳಗೆ Update to 5.0 ಒತ್ತಿ. ಡೇಟಾ ಬದಲಾಗಲು 20 ನಿಮಿಷದ ತನಕ ಹಿಡಿಯಬಹುದು, ಆಗ ಕಂಪ್ಯೂಟರ್ ಆರಿಸಬೇಡಿ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಖಾತ್ರಿ ಇರುವ ಹೊತ್ತು ನೋಡಿಕೊಳ್ಳಿ.
>
> ಒಂದು ಎಚ್ಚರಿಕೆ: 5.0ರಲ್ಲಿ ಬಿಲ್ ಹಾಕಲು ಶುರು ಮಾಡಿದ ಮೇಲೆ 4ಕ್ಕೆ ವಾಪಸ್ ಹೋದರೆ, 5.0ರಲ್ಲಿ ಹಾಕಿದ ಬಿಲ್‌ಗಳು ಅಲ್ಲಿ ಇರುವುದಿಲ್ಲ.
>
> ಈಗ ಬೇಡ ಅಂದರೆ: ಮಾರ್ಚ್ 31ರ ತನಕ 4 ಈಗಿನಂತೆಯೇ ನಡೆಯುತ್ತದೆ. ಏಪ್ರಿಲ್ 1ರಿಂದಲೂ ಬಿಲ್ ಹಾಕಬಹುದು. ಆದರೆ ಜಿಎಸ್‌ಟಿ ನಿಯಮ ಬದಲಾದರೆ 4ಕ್ಕೆ ತಿದ್ದುಪಡಿ ಬರುವುದಿಲ್ಲ.
>
> ಏನೇ ಅನುಮಾನ ಇದ್ದರೂ ಈ ಮೇಲ್‌ಗೇ ಉತ್ತರ ಬರೆಯಿರಿ, ಇಲ್ಲವೇ ನಿಮ್ಮ ಬಿಲ್ಲಿಂಗ್ ಸ್ಕ್ರೀನ್‌ನ ಕೆಳಗಿರುವ ನಂಬರ್‌ಗೆ ಫೋನ್ ಮಾಡಿ. ರಾತ್ರಿ 10ರ ತನಕ ಇರುತ್ತೇವೆ.

ವಿಷಯದ ಸಾಲಿನ ಬಗ್ಗೆ ಒಂದು ಮಾತು. ಮೊಬೈಲ್‌ನಲ್ಲಿ ವಿಷಯದ ಸಾಲು ಸ್ವಲ್ಪ ಮಾತ್ರ ಕಾಣುತ್ತದೆ, ಉಳಿದದ್ದು ಚುಕ್ಕೆಯಾಗುತ್ತದೆ. ಕನ್ನಡದ ಅಕ್ಷರ ಅಗಲ, ಹಾಗಾಗಿ ಇನ್ನೂ ಬೇಗ ಕತ್ತರಿಸುತ್ತದೆ. “ಸಂತಸದ ಸುದ್ದಿ! ಬಹುನಿರೀಕ್ಷಿತ” ಎಂದು ಶುರುಮಾಡಿದರೆ ಕಾಣುವ ಜಾಗವೆಲ್ಲ ಅದರಲ್ಲೇ ಮುಗಿಯಿತು. ಮುಖ್ಯವಾದದ್ದು ಮೊದಲ ಮೂರು ನಾಲ್ಕು ಪದದಲ್ಲಿ ಇರಲಿ. ಪಕ್ಕದ ಸಾಲನ್ನು ನೀವು ಬರೆಯದಿದ್ದರೆ ಮೇಲ್ ಆಪ್ ಮೇಲ್‌ನ ಮೊದಲ ಸಾಲನ್ನೇ ಎತ್ತಿ ತೋರಿಸುತ್ತದೆ. ಎಷ್ಟೋ ಸಲ ಅಲ್ಲಿ “ಚಿತ್ರ ಕಾಣದಿದ್ದರೆ ಇಲ್ಲಿ ಒತ್ತಿ” ಅಂತ ಬಂದು ಕೂರುತ್ತದೆ. ಚಿತ್ರ ಅಂದ ಮೇಲೆ ನೆನಪಾಯಿತು: ಮೇಲ್‌ನ ಮಾತನ್ನು ಪೋಸ್ಟರ್ ಥರ ಚಿತ್ರದಲ್ಲಿ ಹಾಕಬೇಡಿ. ಚಿತ್ರ ತೆರೆಯದಿದ್ದರೆ ಮೇಲ್ ಪೂರ್ತಿ ಖಾಲಿ.

ಬಟನ್ ಹೆಸರುಗಳನ್ನು ನಾನು ಇಂಗ್ಲಿಷ್ ಅಕ್ಷರದಲ್ಲೇ ಬಿಟ್ಟಿರುವುದು ಬೇಕಂತಲೇ. ಸ್ಕ್ರೀನ್ ಮೇಲೆ ಹೇಗೆ ಕಾಣುತ್ತದೋ ಹಾಗೇ ಇದ್ದರೆ ಓದುವವರು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿಕೊಳ್ಳುತ್ತಾರೆ. ನೀವು “ನವೀಕರಿಸಿ ಗುಂಡಿ” ಎಂದು ಬರೆದು ಸ್ಕ್ರೀನ್‌ನಲ್ಲಿ Update ಇದ್ದರೆ ಅದಕ್ಕೇ ಒಂದು ಫೋನ್ ಬರುತ್ತದೆ.

ಇನ್ನು ಇದೇ ಮೇಲ್ ಎಲ್ಲರಿಗೂ ಹೋಗಬಾರದು. ಇಲ್ಲಿ ಸಣ್ಣ ಕಂಪನಿಗಳು ಎರಡು ಥರ ಎಡವುತ್ತವೆ. ಕೆಲವರು ಎಲ್ಲರಿಗೂ ಒಂದೇ ಮೇಲ್ ಕಳಿಸಿ ಅದರೊಳಗೆ “ನಿಮ್ಮಲ್ಲಿ ಎರಡು ಕೌಂಟರ್ ಇದ್ದರೆ ಹೀಗೆ, ವಿಂಡೋಸ್ 7 ಇದ್ದರೆ ಹಾಗೆ, ಎಎಂಸಿ ಮುಗಿದಿದ್ದರೆ ಮತ್ತೊಂದು” ಎಂದು ತುಂಬುತ್ತಾರೆ. ಆಗ ಓದುವವರೇ ತಮ್ಮ ಸಾಲನ್ನು ಹುಡುಕಿಕೊಳ್ಳಬೇಕು. ಇನ್ನು ಕೆಲವರು ಹತ್ತು ಥರದ ಮೇಲ್ ಮಾಡಹೋಗಿ ಯಾರಿಗೆ ಯಾವುದು ಹೋಯಿತು ಎಂದು ತಮಗೇ ತಿಳಿಯದ ಹಾಗೆ ಮಾಡಿಕೊಳ್ಳುತ್ತಾರೆ. ಮೇಲಿನ ಮೇಲನ್ನೇ ಮೂಲವಾಗಿಟ್ಟುಕೊಂಡು ಒಂದೊಂದು ಪ್ಯಾರಾ ಬದಲಿಸಿ, ಅಷ್ಟು ಸಾಕು. ಗ್ರಾಹಕರ ಪಟ್ಟಿ ನಿಮ್ಮ ಲೈಸೆನ್ಸ್ ದಾಖಲೆಯಲ್ಲೇ ಇದೆ. ಅದರಲ್ಲಿ ಕೌಂಟರ್ ಸಂಖ್ಯೆ, ವಿಂಡೋಸ್, ಎಎಂಸಿ ಮುಗಿಯುವ ದಿನ, ಜಿಎಸ್‌ಟಿ ಬಗೆ ಅಂತ ನಾಲ್ಕು ಕಾಲಂ ಮಾಡಿ ವಿಂಗಡಿಸಿ.

ಒಂದಕ್ಕಿಂತ ಜಾಸ್ತಿ ಕೌಂಟರ್ ಇರುವವರಿಗೆ ಅಪ್‌ಗ್ರೇಡ್ ಪ್ಯಾರಾದಲ್ಲಿ ಮೊದಲ ವಾಕ್ಯವೇ ಹೀಗಿರಲಿ: “ನಿಮ್ಮಲ್ಲಿ ಮೂರು ಕಂಪ್ಯೂಟರ್ ಇವೆ. ಮೂರನ್ನೂ ಒಂದೇ ರಾತ್ರಿ ಅಪ್‌ಗ್ರೇಡ್ ಮಾಡಬೇಕು. ಡೇಟಾ ಇರುವ ಕಂಪ್ಯೂಟರ್ ಮೊದಲು, ಆಮೇಲೆ ಉಳಿದವು. ಒಂದು 4ರಲ್ಲಿ ಉಳಿದರೆ ಬೆಳಿಗ್ಗೆ ಅದರಲ್ಲಿ ಬಿಲ್ ಹಾಕಲು ಬರುವುದಿಲ್ಲ.” ಅಂಗಡಿಯವರೇ ಮಾಡಿಕೊಳ್ಳಲು ಹಿಂಜರಿಯುವ ಸಂಗತಿ ಇದು. ನಿಮ್ಮ ಹುಡುಗರು ದೂರದಿಂದಲೇ ಮಾಡಿಕೊಡುವುದಾದರೆ ಅದನ್ನು ಅಲ್ಲೇ ಹೇಳಿ.

ಕಾಂಪೊಸಿಷನ್‌ನಲ್ಲಿರುವ ಅಂಗಡಿಗಳಿಗೆ “ತಿಂಗಳ ರಿಟರ್ನ್” ಪ್ಯಾರಾ ಪೂರ್ತಿ ತೆಗೆಯಿರಿ. ಅವರು ಜಿಎಸ್‌ಟಿಆರ್-1 ಹಾಕುವುದಿಲ್ಲ. ಮೂರು ತಿಂಗಳಿಗೊಮ್ಮೆ ಸಿಎಂಪಿ-08 ತುಂಬಿ ತೆರಿಗೆ ಕಟ್ಟುತ್ತಾರೆ, ವರ್ಷಕ್ಕೊಂದು ಜಿಎಸ್‌ಟಿಆರ್-4 ಹಾಕುತ್ತಾರೆ. ಅವರ ಬಿಲ್‌ನಲ್ಲಿ ತೆರಿಗೆಯ ಸಾಲೇ ಇರುವುದಿಲ್ಲ. ಸಣ್ಣ ಕಿರಾಣಿ ಅಂಗಡಿಗಳಲ್ಲಿ ಇಂಥವರು ನಿಮಗೆ ಕಡಿಮೆ ಇರಲಿಕ್ಕಿಲ್ಲ. ಅವರಿಗೆ 12ನೇ ಟೇಬಲ್ ಬಗ್ಗೆ ಬರೆದರೆ “ಇವರಿಗೆ ನನ್ನ ಅಂಗಡಿ ಏನು ಅಂತಲೇ ಗೊತ್ತಿಲ್ಲ” ಅನಿಸುತ್ತದೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು, ಹೊಸದೊಂದು ಫಾರ್ಮ್ ಬಂತೇನೋ ಎಂದು ಗಾಬರಿಯಾಗಿ ಆಡಿಟರ್‌ಗೆ ಫೋನ್ ಹಚ್ಚುತ್ತಾರೆ. ಮೂರು ತಿಂಗಳಿಗೊಮ್ಮೆ ಜಿಎಸ್‌ಟಿಆರ್-1 ಹಾಕುವವರಿಗೆ ಪ್ಯಾರಾ ಇರಲಿ, “ತಿಂಗಳ” ಎನ್ನುವ ಪದ ಮಾತ್ರ ತೆಗೆಯಿರಿ.

ವಿಂಡೋಸ್ 7 ಇರುವವರಿಗೆ ಬಿಡುಗಡೆಯ ಮೇಲನ್ನೇ ಕಳಿಸಬೇಡಿ. ಅವರಿಗೆ ಬೇಕಾದ್ದು ಬೇರೆ ಕಾಗದ. “ನಿಮ್ಮ ಕಂಪ್ಯೂಟರ್‌ನಲ್ಲಿ ವಿಂಡೋಸ್ 7 ಇದೆ. 5.0 ಅದರಲ್ಲಿ ನಡೆಯುವುದಿಲ್ಲ. ಈಗ ಏನೂ ಮಾಡಬೇಡಿ, ಮಾರ್ಚ್ 31ರ ತನಕ 4 ಈಗಿನಂತೆ ನಡೆಯುತ್ತದೆ.” ಆಮೇಲೆ ಕಾರಣ ಒಂದು ಸಾಲು: ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು. ಹಾಗಂತ “ವಿಂಡೋಸ್ 10 ಹಾಕಿಸಿಕೊಳ್ಳಿ” ಎಂದು ಸಲಹೆ ಕೊಡಬೇಡಿ. ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಂತಿದೆ. ಇವತ್ತು ದುಡ್ಡು ಹಾಕುವವರಿಗೆ 11 ಅಂತಲೇ ಹೇಳಬೇಕು, ಮತ್ತು ಅವರ ಹಳೇ ಕಂಪ್ಯೂಟರ್ 11 ತಡೆಯದಿರುವ ಸಂಭವವೇ ಜಾಸ್ತಿ ಎಂಬುದನ್ನೂ ಹೇಳಬೇಕು. ಅಂದರೆ ಇದು ಹೊಸ ಕಂಪ್ಯೂಟರ್ ಖರ್ಚಿನ ಮಾತು. ಅದನ್ನು ಮೇಲ್‌ನಲ್ಲಿ ಹೇಳಿ ಕೈತೊಳೆದುಕೊಳ್ಳುವ ಬದಲು ಇವರಿಗೆಲ್ಲ ನೀವೇ ಫೋನ್ ಮಾಡಿ. ಮೇಲ್ ಆ ಫೋನ್‌ನ ನಂತರ, ಮಾತಾಡಿದ್ದು ಬರಹದಲ್ಲಿ ಇರಲಿ ಅಂತ.

ಎಎಂಸಿ ಮುಗಿದವರ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ದರವನ್ನು ಲಿಂಕ್‌ನ ಹಿಂದೆ ಬಚ್ಚಿಡಬೇಡಿ, ಜಿಎಸ್‌ಟಿ ಸೇರಿಸಿ ಪೂರ್ತಿ ಮೊತ್ತ ಬರೆಯಿರಿ. “ಆಕರ್ಷಕ ದರ” ಅಂದರೆ ಹುಬ್ಬಳ್ಳಿಯ ಯಾವ ವ್ಯಾಪಾರಿಯೂ ನಂಬುವುದಿಲ್ಲ. ಅವರೂ ದಿನಾ ಅದನ್ನೇ ಬೇರೆಯವರಿಗೆ ಹೇಳುವವರು.

ಯಾವಾಗ ಕಳಿಸುವುದು? ಮಾರ್ಕೆಟಿಂಗ್‌ನವರು ಮಂಗಳವಾರ ಬೆಳಿಗ್ಗೆ ಅನ್ನುತ್ತಾರೆ. ನಿಮ್ಮ ಗ್ರಾಹಕರಿಗೆ ವಾರಕ್ಕಿಂತ ತಿಂಗಳ ತಾರೀಕು ಮುಖ್ಯ. ತಿಂಗಳ ಲೆಕ್ಕದವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಕು ಕೊನೆ, ಮೂರು ತಿಂಗಳ ಲೆಕ್ಕದವರಿಗೆ 13, ತಿಂಗಳ ಲೆಕ್ಕದವರ ಜಿಎಸ್‌ಟಿಆರ್-3ಬಿಗೆ 20. ತಿಂಗಳ ಮೊದಲ ಇಪ್ಪತ್ತು ದಿನ ಅವರ ಕಂಪ್ಯೂಟರ್‌ನಲ್ಲಿ ಏನನ್ನೂ ಬದಲಿಸಲು ಹೋಗಬೇಡಿ. ಅವರು ಕೇಳಿದರೂ ಬೇಡ ಅನ್ನಿ. 22ರಿಂದ 27ರ ನಡುವೆ ಕಳಿಸಿದರೆ ಉಸಿರಾಡಲು ಜಾಗ ಇರುತ್ತದೆ. ಮಾರ್ಚ್ ತಿಂಗಳು, ದೀಪಾವಳಿಯ ಹಿಂದುಮುಂದು ಬಿಟ್ಟುಬಿಡಿ. ಎಲ್ಲರಿಗೂ ಒಂದೇ ದಿನ ಕಳಿಸುವುದೂ ಬೇಡ. ನಿಮ್ಮಲ್ಲಿ ಫೋನ್ ಎತ್ತುವವರು ಎಷ್ಟು ಜನ ಇದ್ದಾರೋ ಅದನ್ನು ನೋಡಿ ದಿನಕ್ಕೆ ಇಷ್ಟು ಅಂಗಡಿ ಅಂತ ಹಂಚಿಕೊಳ್ಳಿ. ಮೊದಲ ದಿನದ ಫೋನ್‌ಗಳಿಂದ ಎರಡನೇ ದಿನದ ಮೇಲ್ ತಿದ್ದಲು ಅವಕಾಶ ಸಿಗುತ್ತದೆ, ಇದೇ ದೊಡ್ಡ ಲಾಭ.

ಕಳಿಸುವ ಮೊದಲು ಒಂದು ಪರೀಕ್ಷೆ. ಆಫೀಸಿನವರಿಗೆ ಓದಿಸಬೇಡಿ, ಅವರಿಗೆ ಉತ್ತರ ಮೊದಲೇ ಗೊತ್ತು. ಯಾವುದಾದರೂ ಅಂಗಡಿಗೆ ಹೋಗಿ ಮಾಲೀಕರ ಕೈಗೆ ಮೊಬೈಲ್ ಕೊಟ್ಟು ಓದಿಸಿ. ಆಮೇಲೆ ಮೊಬೈಲ್ ವಾಪಸ್ ತೆಗೆದುಕೊಂಡು ಕೇಳಿ: “ಇದಕ್ಕೆ ದುಡ್ಡು ಎಷ್ಟು? ನಾಳೆ ಪ್ರಿಂಟ್‌ಗೆ ಏನು ಒತ್ತಬೇಕು? ಇದನ್ನ ಮಾಡದೆ ಸುಮ್ನೆ ಬಿಟ್ರೆ ಏನಾಗುತ್ತೆ?” ತಪ್ಪು ಉತ್ತರ ಬಂದ ಕಡೆ ಮೇಲ್ ತಿದ್ದಬೇಕು. “ಚೆನ್ನಾಗಿದೆಯಾ?” ಅಂತ ಮಾತ್ರ ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ.

ಆ ಪರೀಕ್ಷೆಯಲ್ಲಿ ನಿಮಗೆ ಇನ್ನೊಂದು ವಿಷಯ ಕಾಣುತ್ತದೆ. ಮೇಲ್ ಓದುವವರು ಮಾಲೀಕರು ಇಲ್ಲವೇ ಅವರ ಲೆಕ್ಕ ಬರೆಯುವವರು. F9 ಒತ್ತಬೇಕಾದವನು ಕೌಂಟರ್‌ನ ಹುಡುಗ. ಅವನಿಗೆ ಈ ಮೇಲ್ ಯಾವತ್ತೂ ತಲುಪುವುದಿಲ್ಲ. ಅದಕ್ಕೆ ಅಪ್‌ಗ್ರೇಡ್ ಮುಗಿದ ಕೂಡಲೇ ಬಿಲ್ ಪ್ರಿಂಟರ್‌ನಲ್ಲೇ ಒಂದು ಚೀಟಿ ಬರುವ ಹಾಗೆ ಮಾಡಿ: “ಪ್ರಿಂಟ್: F9. F8 ಒತ್ತಿದರೆ ಬಿಲ್ Hold List ನಲ್ಲಿ.” ಎರಡು ಸಾಲು, ದಪ್ಪ ಅಕ್ಷರ. ಮಾನಿಟರ್‌ಗೆ ಅಂಟಿಸಿಕೊಳ್ಳುತ್ತಾರೆ. ಡೆವಲಪರ್‌ಗೆ ಇದು ಅರ್ಧ ದಿನದ ಕೆಲಸ. ಅದು ಆಗದಿದ್ದರೆ ಮಾಲೀಕರು ಹುಡುಗನ ವಾಟ್ಸಾಪ್‌ಗೆ ಕಳಿಸಿಕೊಳ್ಳುವ ಹಾಗೆ ಎರಡು ಸಾಲಿನ ಒಂದು ಮೆಸೇಜನ್ನು ಮೇಲ್‌ನ ಕೊನೆಗೆ ಸೇರಿಸಿ.

ಕಳಿಸಿದ ಮೇಲೆ ಎಷ್ಟು ಜನ ಮೇಲ್ ತೆರೆದರು ಎನ್ನುವ ಅಂಕಿಯನ್ನು ಜಾಸ್ತಿ ನೆಚ್ಚಬೇಡಿ. ಮೇಲ್ ಒಳಗಿನ ಕಾಣದ ಚಿತ್ರ ತೆರೆದಾಗ ಆ ಲೆಕ್ಕ ಸಿಗುತ್ತದೆ. 2021ರಿಂದ ಆಪಲ್‌ನ ಮೇಲ್ ಆಪ್‌ನಲ್ಲಿ ಓದುವವರು ತೆರೆಯದಿದ್ದರೂ ಚಿತ್ರ ಮೊದಲೇ ಇಳಿದಿರುವಂಥ ವ್ಯವಸ್ಥೆ ಬಂದಿದೆ. ಚಿತ್ರ ತಡೆದಿಟ್ಟವರು ಓದಿದರೂ ಲೆಕ್ಕಕ್ಕೆ ಬರುವುದಿಲ್ಲ. ನಿಮಗೆ ಬೇಕಾದ ಅಂಕಿ ಎರಡೇ. ಎಷ್ಟು ಅಂಗಡಿ 5.0ಕ್ಕೆ ಬಂದವು, ಮತ್ತು ಯಾವ ಪ್ರಶ್ನೆಗೆ ಎಷ್ಟು ಫೋನ್ ಬಂದವು. ಎರಡನೆಯದಕ್ಕೆ ಫೋನ್ ಎತ್ತುವವರ ಮುಂದೆ ಒಂದು ಹಾಳೆ ಇಡಿ: ದುಡ್ಡು, ಹಳೇ ಲೆಕ್ಕ, ಪ್ರಿಂಟ್ ಕೀ, ಎರಡನೇ ಕೌಂಟರ್, ಬೇರೆ. ಒಂದೊಂದು ಫೋನ್‌ಗೂ ಒಂದು ಗೆರೆ.

ದುಡ್ಡಿನ ಪ್ರಶ್ನೆ ಇನ್ನೂ ಬರುತ್ತಿದ್ದರೆ ಮೊದಲ ಪ್ಯಾರಾ ಯಾರಿಗೂ ಕಾಣುತ್ತಿಲ್ಲ. ಬಹುಶಃ ದೊಡ್ಡ ಲೋಗೋ ಅದನ್ನು ಕೆಳಗೆ ತಳ್ಳಿದೆ. “ಬಿಲ್ ಹೋಯಿತು” ಎನ್ನುವ ಫೋನ್ ಜಾಸ್ತಿ ಆದರೆ ಮಾಲೀಕರು ಓದಿದ್ದಾರೆ, ಹುಡುಗನಿಗೆ ಹೇಳಿಲ್ಲ. ಚೀಟಿ ಕೆಲಸ ಮಾಡಿಲ್ಲ. ಎರಡನೇ ಕೌಂಟರ್‌ನ ದೂರು ಒಂದೇ ಕೌಂಟರ್‌ನ ಮೇಲ್ ಹೋದವರಿಂದ ಬಂದರೆ ತಪ್ಪು ನಿಮ್ಮ ಪಟ್ಟಿಯಲ್ಲಿದೆ, ಮೇಲ್ ತಿದ್ದಿ ಪ್ರಯೋಜನ ಇಲ್ಲ. ಫೋನೂ ಇಲ್ಲ, ಅಪ್‌ಗ್ರೇಡೂ ಇಲ್ಲ ಅಂದರೆ “ಈಗ ಬೇಡ ಅಂದರೆ” ಎನ್ನುವ ಪ್ಯಾರಾ ಓದಿ ಆರಾಮಾಗಿ ಕೂತಿದ್ದಾರೆ ಅಂತ ಅರ್ಥ. ಅದೇನೂ ಕೆಟ್ಟದ್ದಲ್ಲ.

ಅಂಥವರಿಗೆ ಮುಂದಿನ ತಿಂಗಳು 22ರ ನಂತರ ಎರಡನೇ ಮೇಲ್ ಕಳಿಸಿ. ಮೊದಲ ಮೇಲ್‌ನ್ನೇ “ನೆನಪಿಸುತ್ತಿದ್ದೇವೆ” ಎಂದು ಮತ್ತೆ ನೂಕಬೇಡಿ. ಅಷ್ಟರಲ್ಲಿ ಅಪ್‌ಗ್ರೇಡ್ ಮಾಡಿಕೊಂಡ ಅಂಗಡಿಗಳಿಂದ ಬಂದ ಫೋನ್‌ಗಳ ಹಾಳೆ ನಿಮ್ಮ ಹತ್ತಿರ ಇರುತ್ತದೆ. ಅದರಲ್ಲಿ ಜಾಸ್ತಿ ಬಂದ ಮೂರು ಪ್ರಶ್ನೆ, ಅವಕ್ಕೆ ಉತ್ತರ, ಡೇಟಾ ಬದಲಾಗಲು ನಿಜವಾಗಿ ಹಿಡಿದ ಸಮಯ, ಮತ್ತೆ ಮಾರ್ಚ್ 31ರ ಗಡುವು. ಎರಡನೇ ಮೇಲ್‌ಗೆ ಅಷ್ಟೇ ಸಾಕು.